ನನ್ನ ಪೇಪರು ನಾನೇ ತೆಗೆಯುತ್ತೇನೆ ಎನ್ನುವ ಗಣಿತ ಮೇಷ್ಟ್ರುಗಳಿಗೆ

ರಾಯದುರ್ಗ ಮತ್ತು ಮಡಕಶಿರ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲುಗಳ ಗಣಿತ ಶಿಕ್ಷಕ ಮಿತ್ರರೇ,

ನಮ್ಮೆಲ್ಲರಿಗೂ ಸೇರಿದ ಒಂದು ಪ್ರಶ್ನೆ ಭಂಡಾರ ಇರಲಿ, ಪ್ರತಿ ಅಧ್ಯಾಯ ಮುಗಿದಾಗ ಅದರಿಂದ ತೆಗೆದ ಕೆಲವು ಪ್ರಶ್ನೆಗಳನ್ನು ಎಲ್ಲ ಶಾಲೆಗಳಲ್ಲೂ ಕೊಡೋಣ ಎಂಬ ನನ್ನ ಸಲಹೆಗೆ ಸಭೆಯಲ್ಲೂ ಫೋನಿನಲ್ಲೂ ಬಂದ ಉತ್ತರ ಹೆಚ್ಚುಕಡಿಮೆ ಒಂದೇ. ‘ನನ್ನ ಮಕ್ಕಳು ನನಗೆ ಗೊತ್ತು ಸರ್. ಅವರಿಗೆ ತಕ್ಕ ಪೇಪರು ನಾನೇ ತೆಗೆಯಬೇಕು. ಕಾಮನ್ ಪೇಪರ್ ಬೇಕಾದಾಗ ಮೇಲಿಂದ ಹೇಗೂ ಬರುತ್ತೆ. ನಾವೇ ಇನ್ನೊಂದು ಮಾಡಿಕೊಂಡರೆ ಯಾರ ಶಾಲೆ ಹಿಂದೆ, ಯಾರದು ಮುಂದೆ ಅಂತ ನಾವೇ ಪಟ್ಟಿ ಬರೆದುಕೊಟ್ಟ ಹಾಗೆ.’ ಹೀಗೆ ಹೇಳುವವರು ಸೋಮಾರಿಗಳಲ್ಲ. ನಮ್ಮಲ್ಲಿ ಒಳ್ಳೆಯ ಮೇಷ್ಟ್ರು ಎಂದು ಹೆಸರಾದವರೇ ಈ ಮಾತನ್ನು ಹೆಚ್ಚು ಗಟ್ಟಿಯಾಗಿ ಹೇಳುತ್ತಾರೆ. ಅದಕ್ಕೇ ಇದನ್ನು ಖಂಡಿಸಿ ಬರೆಯಬೇಕಾಯಿತು.

ಮೊದಲು ನಮ್ಮ ಪರಿಸ್ಥಿತಿ ಏನೆಂದು ನೋಡೋಣ. ಬೇರೆ ಕಡೆ ಗಣಿತ ವಿಭಾಗ ಅಂದರೆ ಒಂದೇ ಸ್ಟಾಫ್ ರೂಮಿನಲ್ಲಿ ಕೂರುವ ಮೂರು ನಾಲ್ಕು ಜನ. ನಮ್ಮಲ್ಲಿ ಬಹಳಷ್ಟು ಕಡೆ ಕನ್ನಡ ಮಾಧ್ಯಮಕ್ಕೆ ಗಣಿತ ಹೇಳುವವರು ಶಾಲೆಗೆ ಒಬ್ಬರೇ. ಪಕ್ಕದ ಮೇಜಿನ ಮೇಷ್ಟ್ರು ತೆಲುಗು ಮಾಧ್ಯಮದವರು, ಇಲ್ಲವೇ ಸಮಾಜ ವಿಜ್ಞಾನದವರು. ಹೀಗೆ ಒಬ್ಬೊಬ್ಬರೇ ಇರುವ ನಾವು ಒಂದೇ ಜಿಲ್ಲೆಯವರೂ ಅಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರುಗಳ ಜೊತೆ ರಾಯದುರ್ಗ ಆಂಧ್ರಕ್ಕೆ ಸೇರಿತು. ಮಡಕಶಿರ ಅದಕ್ಕೂ ಹಿಂದಿನಿಂದ ಅನಂತಪುರದ್ದೇ. 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ಆದಾಗ ಮಡಕಶಿರ, ಅಮರಾಪುರಂ, ರೊಳ್ಳ, ಅಗಳಿಗಳು ಅತ್ತ ಹೋದವು, ರಾಯದುರ್ಗ, ಡಿ. ಹಿರೇಹಾಳ್, ಬೊಮ್ಮನಹಾಳ್ ಇತ್ತ ಉಳಿದವು. ಈಗ ನಮ್ಮ ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ, ಎರಡು ಡಿ.ಇ.ಒ. ಕಚೇರಿ. ವಿಭಾಗ ಎಂಬುದು ನಮಗೆ ಬೇಕಿದ್ದರೆ ನಾವೇ ಕಟ್ಟಿಕೊಳ್ಳಬೇಕು, ಯಾರೂ ಆದೇಶ ಹೊರಡಿಸಿ ಕೊಡುವುದಿಲ್ಲ.

ಇನ್ನು ‘ನನ್ನ ಮಕ್ಕಳು ನನಗೆ ಗೊತ್ತು’ ಎಂಬ ಮಾತು. ಯಾವ ಹುಡುಗಿ ಚುರುಕು, ಯಾವ ಹುಡುಗ ಸೋಮವಾರ ಬರುವುದಿಲ್ಲ, ಯಾರ ಮನೆಯವರು ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ ಎಂಬುದೆಲ್ಲ ನಮಗೆ ಗೊತ್ತು, ಒಪ್ಪಿದೆ. ಆದರೆ ವರ್ಗ ಸಮೀಕರಣದ ಅಧ್ಯಾಯ ಮುಗಿದ ಮೇಲೆ ನಿಮ್ಮ ತರಗತಿಯಲ್ಲಿ ತಪ್ಪಿದವರು ಯಾವ ಹೆಜ್ಜೆಯಲ್ಲಿ ತಪ್ಪಿದರು ಎಂದು ಕೇಳಿದರೆ ನಮ್ಮ ಬಳಿ ಇರುವುದು ಮಾರ್ಕ್ಸ್ ರಿಜಿಸ್ಟರ್ ಮಾತ್ರ. ಅದರಲ್ಲಿ 20ಕ್ಕೆ 7 ಎಂದು ಇರುತ್ತದೆ. ಆ 7 ಹೇಗೆ ಬಂತು, ಹೋದ 13 ಎಲ್ಲಿ ಹೋಯಿತು ಎಂಬುದು ಉತ್ತರಪತ್ರಿಕೆಯಲ್ಲೇ ಉಳಿಯುತ್ತದೆ. ಪತ್ರಿಕೆಯನ್ನು ಮಗುವಿಗೆ ಕೊಡುತ್ತೇವೆ, ಅದು ಮನೆಗೆ ಹೋಗುತ್ತದೆ, ಕಥೆ ಮುಗಿಯಿತು.

ಒಂದೇ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡು ನೋಡಿ. ಒಂದು ಆಯತಾಕಾರದ ಕೈತೋಟದ ಉದ್ದ ಅದರ ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 40 ಚದರ ಮೀಟರ್, ಉದ್ದ ಅಗಲ ಎಷ್ಟು? ನಾಲ್ಕು ಅಂಕದ ಪ್ರಶ್ನೆ. ಅಗಲ x ಎಂದಿಟ್ಟುಕೊಂಡರೆ x(x + 3) = 40, ಅಂದರೆ x² + 3x − 40 = 0, ಅಪವರ್ತಿಸಿದರೆ (x + 8)(x − 5) = 0. ಅಗಲ 5, ಉದ್ದ 8. ಇದನ್ನು ನಾವೆಲ್ಲ ಬೋರ್ಡಿನ ಮೇಲೆ ಎಷ್ಟೋ ಸಲ ಬಿಡಿಸಿದ್ದೇವೆ.

ತಪ್ಪಿದ ಮಕ್ಕಳು ಬರೆಯುವುದೇನು? ಒಬ್ಬ ‘3 ಹೆಚ್ಚು’ ಎಂಬುದನ್ನು ‘3 ಪಟ್ಟು’ ಎಂದು ಓದಿಕೊಂಡು 3x² = 40 ಎಂದು ಬರೆಯುತ್ತಾನೆ. ಅವನಿಗೆ ಬಾರದಿರುವುದು ವರ್ಗ ಸಮೀಕರಣ ಅಲ್ಲ, ವಾಕ್ಯವನ್ನು ಬೀಜೋಕ್ತಿಯಾಗಿ ಬರೆಯುವುದು. ಎಂಟನೇ ತರಗತಿಯ ಕೆಲಸ ಅದು. ಇನ್ನೊಬ್ಬಳು 2(x + x + 3) = 40 ಎಂದು ಹಾಕಿ 8.5 ಎಂದು ತರುತ್ತಾಳೆ. ಲೆಕ್ಕವೆಲ್ಲ ಸರಿ, ಆದರೆ ವಿಸ್ತೀರ್ಣದ ಜಾಗಕ್ಕೆ ಸುತ್ತಳತೆ ಬಂದಿದೆ. ಮೂರನೆಯವನು x(x + 3) = 40ರ ತನಕ ಸರಿಯಾಗಿ ಬಂದು, ಅಲ್ಲಿಂದ ‘x = 40 ಅಥವಾ x + 3 = 40’ ಎಂದು ಎರಡಾಗಿ ಒಡೆಯುತ್ತಾನೆ. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದಾಗ ಮಾತ್ರ ಹಾಗೆ ಒಡೆಯಬಹುದು ಎಂದು ಅವನಿಗೆ ಯಾರೂ ಒತ್ತಿ ಹೇಳಿಲ್ಲ. ಹೇಳಿದ್ದರೂ ಅದು ಅವನಿಗೆ ಒಂದು ಆಚರಣೆಯ ಹಾಗೆ ಕಂಡಿದೆ. ನಾಲ್ಕನೆಯವಳು 8x, 5x ಎಂದು ಸರಿಯಾಗಿ ಬಿಡಿಸಿ ಚಿಹ್ನೆಯನ್ನು ಅದಲುಬದಲು ಮಾಡುತ್ತಾಳೆ. ಅಗಲ 8, ಉದ್ದ 11 ಎಂದು ಬರೆಯುತ್ತಾಳೆ. ಎಂಟು ಹನ್ನೊಂದಲೇ ಎಂಬತ್ತೆಂಟು ಎಂದು ಒಮ್ಮೆ ತಾಳೆ ನೋಡಿದ್ದರೆ ಅವಳೇ ತಿದ್ದಿಕೊಳ್ಳುತ್ತಿದ್ದಳು. ಐದನೆಯವನು ಎಲ್ಲ ಸರಿ ಮಾಡಿ ‘x = −8, 5’ ಎಂದು ಬರೆದು ಪೆನ್ನು ಕೆಳಗಿಡುತ್ತಾನೆ. ಅಗಲ ಋಣ ಸಂಖ್ಯೆ ಆಗದು ಎಂಬ ಯೋಚನೆ ಬಂದಿಲ್ಲ, ಉದ್ದವನ್ನೂ ಬರೆದಿಲ್ಲ.

ಐದು ಮಕ್ಕಳೂ ರಿಜಿಸ್ಟರಿನಲ್ಲಿ ‘ತಪ್ಪು’, ಇಲ್ಲವೇ ಒಂದೋ ಎರಡೋ ಅಂಕ. ಮರುದಿನ ಈ ಐವರಿಗೂ ಬೇಕಾದ ಪಾಠ ಮಾತ್ರ ಬೇರೆ ಬೇರೆ. ಎಲ್ಲರಿಗೂ ಸೇರಿಸಿ ‘ಇನ್ನೊಂದು ಸಲ ಅಪವರ್ತನ ಹೇಳಿಕೊಡುತ್ತೇನೆ’ ಎಂದರೆ ನಾಲ್ಕನೆಯವಳಿಗಷ್ಟೇ ಸ್ವಲ್ಪ ಉಪಯೋಗ. ನಾನು ಕೇಳುತ್ತಿರುವ ಭಂಡಾರ ಪ್ರಶ್ನೆಗಳ ರಾಶಿ ಅಲ್ಲ. ಪ್ರಶ್ನೆಗಳ ರಾಶಿ ಅಂಗಡಿಯ ಗೈಡಿನಲ್ಲೂ ಸಿಗುತ್ತದೆ. ಪ್ರತಿ ಪ್ರಶ್ನೆಯ ಕೆಳಗೆ ಅದಕ್ಕೆ ನಮ್ಮ ಮಕ್ಕಳು ಬರೆದ ತಪ್ಪು ಉತ್ತರಗಳು, ಆ ತಪ್ಪು ಎಲ್ಲಿಂದ ಬಂತು, ಯಾವ ಶಾಲೆಯಲ್ಲಿ ಎಷ್ಟು ಮಂದಿ ಹಾಗೆ ಬರೆದರು, ಮರುದಿನ ಏನು ಮಾಡಿದರೆ ಸರಿಹೋಯಿತು ಎಂಬ ದಾಖಲೆ ಇರಬೇಕು. ಆ ದಾಖಲೆ ಒಬ್ಬರಿಂದ ಆಗುವುದಿಲ್ಲ. ನಿಮ್ಮ ತರಗತಿಯಲ್ಲಿ ಇರುವುದು ಇಪ್ಪತ್ತು ಮಕ್ಕಳಾದರೆ ಮೂರನೆಯ ಬಗೆಯ ತಪ್ಪು ಒಬ್ಬರಲ್ಲಿ ಕಾಣಬಹುದು, ಕಾಣದೆಯೂ ಇರಬಹುದು. ಎಲ್ಲ ಶಾಲೆಗಳದು ಸೇರಿಸಿದಾಗಲೇ ಅದು ಒಬ್ಬ ಹುಡುಗನ ಅಜಾಗರೂಕತೆಯಲ್ಲ, ಪಾಠದಲ್ಲೇ ಇರುವ ತೂತು ಎಂದು ಗೊತ್ತಾಗುವುದು.

‘ನನ್ನ ಪೇಪರು ನಾನೇ’ ಎನ್ನುವವರು ಇನ್ನೊಂದು ವಿಷಯವನ್ನು ಮಾತನಾಡುವುದೇ ಇಲ್ಲ. ಪೇಪರು ನೀವೇ ತೆಗೆದಿರಿ, ಸರಿ. ಅಂಕ ಕೊಡುವಾಗ ನಿಮ್ಮ 4ಕ್ಕೆ 2 ಮತ್ತು ನನ್ನ 4ಕ್ಕೆ 2 ಒಂದೇನಾ? ಮೇಲಿನ ಸುತ್ತಳತೆಯ ಹುಡುಗಿಗೇ ಅಂಕ ಹಾಕಿ ನೋಡಿ. ಸಮೀಕರಣವೇ ತಪ್ಪು, ವರ್ಗ ಸಮೀಕರಣ ಬರಲೇ ಇಲ್ಲ, ಸೊನ್ನೆ ಎನ್ನುವವರು ನಮ್ಮಲ್ಲಿದ್ದಾರೆ. ಚರಾಕ್ಷರ ಇಟ್ಟಿದ್ದಾಳೆ, ಮುಂದೆ ಬಿಡಿಸಿದ್ದು ಸರಿ ಇದೆ, ಎರಡು ಕೊಡಬಹುದು ಎನ್ನುವವರೂ ಇದ್ದಾರೆ. ಇನ್ನು, ಒಂದು ಹೆಜ್ಜೆಯನ್ನೂ ಬರೆಯದೆ ‘5 ಮತ್ತು 8, ಏಕೆಂದರೆ 5 × 8 = 40, ವ್ಯತ್ಯಾಸ 3’ ಎಂದು ಬರೆದ ಮಗುವಿಗೆ ಎಷ್ಟು? ಉತ್ತರ ಸರಿ, ಕಾರಣವೂ ಸರಿ. ಪ್ರಶ್ನೆಯಲ್ಲಿ ವಿಧಾನ ಹೇಳಿಯೇ ಇಲ್ಲ. ಪೂರ್ತಿ ನಾಲ್ಕು ಕೊಡುವವರಿಗೂ ಒಂದೇ ಕೊಡುವವರಿಗೂ ಜಗಳ ಹಚ್ಚಬಹುದು.

ಗಣಿತದಲ್ಲಿ ಹೀಗಾಗುವುದಿಲ್ಲ, ಇದು ಭಾಷಾ ವಿಷಯದ ರೋಗ ಎಂಬ ಹೆಮ್ಮೆ ನಮಗೆಲ್ಲ ಇದೆ. ಈ ಹೆಮ್ಮೆ ಒಡೆದು ನೂರು ವರ್ಷಗಳ ಮೇಲಾಯಿತು. 1913ರಲ್ಲಿ ಅಮೆರಿಕದಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬವರು ಒಬ್ಬನೇ ವಿದ್ಯಾರ್ಥಿಯ ಒಂದೇ ರೇಖಾಗಣಿತ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಗಣಿತ ಶಿಕ್ಷಕರಿಗೆ ತಿದ್ದಲು ಕಳಿಸಿದರು. ನೂರಕ್ಕೆ ಮೂವತ್ತಕ್ಕಿಂತ ಕಡಿಮೆ ಕೊಟ್ಟವರಿದ್ದರು, ತೊಂಬತ್ತಕ್ಕಿಂತ ಹೆಚ್ಚು ಕೊಟ್ಟವರೂ ಇದ್ದರು. ಅದಕ್ಕೂ ಮೊದಲು ಇಂಗ್ಲಿಷ್ ಪತ್ರಿಕೆಗಳಲ್ಲಿ ಅವರು ಕಂಡಿದ್ದ ವ್ಯತ್ಯಾಸಕ್ಕಿಂತ ಗಣಿತದ್ದೇ ದೊಡ್ಡದು. ಕಾರಣ ಊಹಿಸುವುದು ಕಷ್ಟವಲ್ಲ. ಒಬ್ಬರು ಉತ್ತರಕ್ಕೆ ಅಂಕ ಕೊಡುತ್ತಾರೆ, ಇನ್ನೊಬ್ಬರು ಹೆಜ್ಜೆಗೆ, ಮತ್ತೊಬ್ಬರು ಚಿತ್ರ ನೀಟಾಗಿಲ್ಲವೆಂದು ಕಳೆಯುತ್ತಾರೆ.

ನಮ್ಮ ಮಕ್ಕಳಿಗೆ ಇದರಿಂದ ಆಗುವ ನಷ್ಟ ಎಷ್ಟು? ಟೆನ್ತ್ ಪಬ್ಲಿಕ್ ಪರೀಕ್ಷೆಯ ನೂರು ಅಂಕದ ಗಣಿತ ಪತ್ರಿಕೆಯಲ್ಲಿ 33 ಪ್ರಶ್ನೆ: ಒಂದಂಕದವು 12, ಎರಡಂಕದವು 8, ನಾಲ್ಕಂಕದವು 8, ಎಂಟಂಕದವು 5. ಅಂದರೆ 40 ಅಂಕ ಐದೇ ಪ್ರಶ್ನೆಗಳಲ್ಲಿ ಕೂತಿದೆ, ಪಾಸಾಗಲು ಬೇಕಾದ್ದು 35. ಎಂಟಂಕದ ಪ್ರಶ್ನೆಯಲ್ಲಿ ಅರ್ಧ ದಾರಿ ಸರಿಯಾಗಿ ನಡೆದು ಬಂದ ಮಗುವಿಗೆ ಪಬ್ಲಿಕ್‌ನಲ್ಲಿ ಹೆಜ್ಜೆಯ ಅಂಕ ಸಿಗುತ್ತದೆ. ವರ್ಷವಿಡೀ ತನ್ನ ಶಾಲೆಯಲ್ಲಿ ‘ಉತ್ತರ ತಪ್ಪು, ಸೊನ್ನೆ’ ಎಂದೇ ಕಂಡ ಮಗು ಅಲ್ಲಿ ಅರ್ಧ ಗೊತ್ತಿದ್ದರೂ ಬರೆಯದೆ ಬಿಟ್ಟು ಬರುತ್ತದೆ. ಇದರ ಉಲ್ಟಾ ಕೂಡ ಉಂಟು. ಶಾಲೆಯಲ್ಲಿ ಉದಾರವಾಗಿ ಅಂಕ ಪಡೆದವನು ಅಲ್ಲಿ ‘ಆದ್ದರಿಂದ ಅಗಲ 5 ಮೀ, ಉದ್ದ 8 ಮೀ’ ಎಂಬ ಕೊನೆಯ ವಾಕ್ಯ ಬರೆಯದೆ ಅಂಕ ಕಳೆದುಕೊಳ್ಳುತ್ತಾನೆ.

ಆದ್ದರಿಂದ ಭಂಡಾರದಲ್ಲಿ ಪ್ರಶ್ನೆಯ ಜೊತೆಗೇ ಅಂಕದ ಹಂಚಿಕೆಯೂ ಇರಬೇಕು. ಕೈತೋಟದ ಪ್ರಶ್ನೆಗೆ ನನ್ನ ಕರಡು ಇದು: ಚರಾಕ್ಷರ ಇಟ್ಟು ಸಮೀಕರಣ ಬರೆದರೆ 1, ಅದನ್ನು ಆದರ್ಶ ರೂಪಕ್ಕೆ ತಂದರೆ 1, ಅಪವರ್ತಿಸಿ ಅಥವಾ ಸೂತ್ರದಿಂದ ಎರಡು ಮೂಲ ಕಂಡರೆ 1, ಋಣ ಮೂಲ ಬಿಟ್ಟು ಎರಡೂ ಅಳತೆ ಬರೆದರೆ 1. ಮೊದಲ ಹೆಜ್ಜೆ ತಪ್ಪಿದರೂ ಬಂದ ಸಮೀಕರಣ ವರ್ಗ ಸಮೀಕರಣವೇ ಆಗಿದ್ದರೆ ಮುಂದಿನ ಹೆಜ್ಜೆಗಳ ಅಂಕ ಕೊಡಬೇಕು. ಸುತ್ತಳತೆಯ ಹಾಗೆ ಸರಳ ಸಮೀಕರಣವಾಗಿ ಇಳಿದುಹೋಗಿದ್ದರೆ ಚರಾಕ್ಷರಕ್ಕೆ ಅರ್ಧ ಮಾತ್ರ. ತಾಳೆ ನೋಡಿ 5, 8 ಎಂದವರಿಗೆ ಬೇರೆ ಜೋಡಿ ಇಲ್ಲವೆಂದು ತೋರಿಸದಿದ್ದರೆ 2. ನೀವು ಇದನ್ನು ಒಪ್ಪಬೇಕೆಂದಿಲ್ಲ. ಕೊನೆಯದರ ಬಗ್ಗೆ ನನಗೇ ಪೂರ್ತಿ ಸಮಾಧಾನವಿಲ್ಲ. ಆದರೆ ಎಲ್ಲರೂ ಕೂತು ಜಗಳವಾಡಿ ಒಂದಕ್ಕೆ ಬಂದು ಬರೆದಿಟ್ಟರೆ, ಬೊಮ್ಮನಹಾಳಿನ 2 ಮತ್ತು ಅಗಳಿಯ 2 ಒಂದೇ ಆಗುತ್ತವೆ.

‘ಪ್ರಶ್ನೆಗೇನು ಸರ್, ಸಂಖ್ಯೆ ಬದಲಾಯಿಸಿದರೆ ನೂರು ಆಗುತ್ತೆ’ ಎಂದು ಒಬ್ಬ ಮಿತ್ರರು ನಕ್ಕರು. ಬದಲಾಯಿಸಿ ನೋಡಿ. 40ರ ಜಾಗದಲ್ಲಿ 45 ಇಟ್ಟರೆ ಶೋಧಕ 9 + 180 = 189, ಪೂರ್ಣ ವರ್ಗವಲ್ಲ. ಅಪವರ್ತನದಿಂದ ಹೊರಟ ಮಗು ಅಲ್ಲೇ ಸಿಕ್ಕಿಹಾಕಿಕೊಂಡು ಹತ್ತು ನಿಮಿಷ ಕಳೆಯುತ್ತದೆ. 180 ಇಟ್ಟರೆ ಶೋಧಕ 729, ಅಂದರೆ 27ರ ವರ್ಗ, ಉತ್ತರ 12 ಮತ್ತು 15; ಆದರೆ 180ರ ಅಷ್ಟೊಂದು ಅಪವರ್ತನ ಜೋಡಿಗಳಲ್ಲಿ 12, 15ನ್ನು ಹುಡುಕುವುದು 40ರಲ್ಲಿ 5, 8 ಹುಡುಕಿದಷ್ಟು ಸುಲಭವಲ್ಲ. ವ್ಯತ್ಯಾಸ 2, ವಿಸ್ತೀರ್ಣ 48 ಎಂದಿಟ್ಟರೆ? ಉತ್ತರ 6 ಮತ್ತು 8, ಚೆನ್ನಾಗಿ ಹೊಂದುತ್ತದೆ. ಆದರೆ ಇದರಲ್ಲೊಂದು ಗುಂಡಿ ಇದೆ. ಹಿಂದಿನ ಪ್ರಶ್ನೆಯಲ್ಲಿ ಸುತ್ತಳತೆ ಹಾಕಿದ ಹುಡುಗಿಗೆ 8.5 ಬಂದಿತ್ತು, ದಶಮಾಂಶ ಕಂಡು ಅವಳು ಒಮ್ಮೆ ಅನುಮಾನಿಸಬಹುದಿತ್ತು. ಇಲ್ಲಿ 4x + 4 = 48, x = 11, ನೀಟಾದ ಪೂರ್ಣಾಂಕ. ಅನುಮಾನವೇ ಬಾರದು. ಮೇಲ್ನೋಟಕ್ಕೆ ಅವಳಿಜವಳಿಯಂತಿರುವ ಎರಡು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಆ ತಪ್ಪು ಹೆಚ್ಚು ಬರುವ ಸಾಧ್ಯತೆ ಇದೆ. ಯಾವುದು ನಿಜವಾದ ಜೋಡಿ ಎಂದು ತಿಳಿಯಲು ಎರಡನ್ನೂ ಮಕ್ಕಳಿಗೆ ಕೊಟ್ಟು ಲೆಕ್ಕ ಇಡಬೇಕು, ಮೇಜಿನ ಮುಂದೆ ಕೂತು ಹೇಳಲಾಗದು.

ಕೆಟ್ಟ ಪ್ರಶ್ನೆ ಸಿಕ್ಕಿಬೀಳುವುದೂ ಇದೇ ಲೆಕ್ಕದಿಂದ. ಮೂವತ್ತು ಉತ್ತರಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಜೋಡಿಸಿ ಮೇಲಿನ ಹತ್ತು, ಕೆಳಗಿನ ಹತ್ತು ತೆಗೆದುಕೊಳ್ಳಿ. ಒಂದು ಪ್ರಶ್ನೆಯನ್ನು ಮೇಲಿನವರಲ್ಲಿ 9 ಜನ, ಕೆಳಗಿನವರಲ್ಲಿ 3 ಜನ ಸರಿ ಮಾಡಿದ್ದರೆ ಪ್ರಶ್ನೆ ಗಟ್ಟಿ. ಮೇಲೆ 4, ಕೆಳಗೆ 5 ಬಂದರೆ ಮಕ್ಕಳನ್ನು ಬೈಯುವ ಮೊದಲು ಪ್ರಶ್ನೆಯನ್ನು ನೋಡಿ. ‘x² = 4x ಆದರೆ x ಎಷ್ಟು?’ ಎಂದು ಕೇಳಿ ಕೀ ಉತ್ತರದಲ್ಲಿ 4 ಎಂದಷ್ಟೇ ಬರೆದಿದ್ದರೆ ಹೀಗಾಗುತ್ತದೆ. ಎರಡೂ ಕಡೆ x ಹೊಡೆದುಹಾಕಿದ ಮಗುವಿಗೆ ಅಂಕ, 0 ಮತ್ತು 4 ಎಂದು ಬರೆದ ಜಾಣ ಮಗುವಿಗೆ ಸೊನ್ನೆ. ಹದಿನಾಲ್ಕು ಮಕ್ಕಳ ಶಾಲೆಯಲ್ಲಿ ಮೇಲಿನವರು ನಾಲ್ಕೈದು ಜನ, ಕೆಳಗಿನವರು ನಾಲ್ಕೈದು ಜನ. ಅಷ್ಟರಲ್ಲಿ ಏನೂ ತಿಳಿಯುವುದಿಲ್ಲ. ಐದಾರು ಶಾಲೆ ಸೇರಿದರೆ ಒಂದೇ ಸಲಕ್ಕೆ ತಿಳಿಯುತ್ತದೆ.

ಈಗ ಎಲ್ಲರ ಮನಸ್ಸಿನಲ್ಲಿರುವ ಭಯಕ್ಕೆ ಬರುತ್ತೇನೆ. ಒಂದೇ ಪ್ರಶ್ನೆ ಎಲ್ಲ ಕಡೆ ಕೊಟ್ಟರೆ ಶಾಲೆಗಳನ್ನು ಹೋಲಿಸುತ್ತಾರೆ. ಭಯ ಸುಳ್ಳಲ್ಲ, ಪಟ್ಟಿ ಕಂಡರೆ ರ‍್ಯಾಂಕ್ ಹಾಕುವ ಚಟ ನಮ್ಮ ಇಲಾಖೆಗೆ ಹೊಸದಲ್ಲ. ಆದರೆ ಹೋಲಿಕೆ ಈಗಲೂ ನಡೆಯುತ್ತಿದೆ, ಟೆನ್ತ್ ರಿಸಲ್ಟ್ ಬಂದ ದಿನ ಶೇಕಡಾವಾರು ಹಿಡಿದು ನಡೆಯುತ್ತಿದೆ, ಮತ್ತು ಅದಕ್ಕೆ ಉತ್ತರ ಕೊಡಲು ನಮ್ಮ ಕೈಯಲ್ಲಿ ಏನೂ ಇಲ್ಲ. ಒಂದು ಶಾಲೆಯಲ್ಲಿ 14 ಮಕ್ಕಳಲ್ಲಿ 9 ಜನ ಕೈತೋಟದ ಪ್ರಶ್ನೆ ಸರಿ ಮಾಡಿದರು, ಇನ್ನೊಂದರಲ್ಲಿ 36ರಲ್ಲಿ 18 ಜನ ಎಂದುಕೊಳ್ಳಿ. ಶೇಕಡಾ 64 ಮತ್ತು 50. ಎರಡನೆಯ ಮೇಷ್ಟ್ರಿಗೆ ಮೆಮೊ ಕೊಡಬಹುದೇ? ಮೊದಲ ಶಾಲೆಯಲ್ಲಿ ಒಂದು ಮಗು ಆ ದಿನ ಜ್ವರದಲ್ಲಿ ಬರೆದಿದ್ದರೆ ಏಳು ಶೇಕಡಾ ಏರುಪೇರು. ಹದಿನಾಲ್ಕರ ಗುಂಪಿನಲ್ಲಿ ಬರಿಯ ಆಕಸ್ಮಿಕದಿಂದಲೇ ಆಚೀಚೆ 13 ಶೇಕಡಾ ಓಲಾಡುವುದು ಸಾಮಾನ್ಯ, ಮೂವತ್ತಾರರ ಗುಂಪಿನಲ್ಲಿ 8. ಆ ಹದಿನಾಲ್ಕು ಶೇಕಡಾ ಅಂತರ ಈ ಓಲಾಟದೊಳಗೇ ಮುಚ್ಚಿಹೋಗುತ್ತದೆ. ಇದನ್ನು ಎಂ.ಇ.ಒ. ಎದುರು ಕಾಗದದ ಮೇಲೆ ತೋರಿಸಬಲ್ಲವರು ನಾವು ಗಣಿತದವರು ಮಾತ್ರ. ಲೆಕ್ಕ ನಮ್ಮ ಕೈಯಲ್ಲಿದ್ದರೆ ತಪ್ಪು ಹೋಲಿಕೆಯನ್ನು ತಡೆಯಬಹುದು. ಲೆಕ್ಕವೇ ಇಡುವುದಿಲ್ಲ ಎಂದು ಕೂತರೆ ಬೇರೆಯವರ ಲೆಕ್ಕಕ್ಕೆ ತಲೆಬಾಗಬೇಕು. ನನ್ನ ಷರತ್ತು ಏನೆಂದರೆ, ಭಂಡಾರಕ್ಕೆ ಹೋಗುವ ಹಾಳೆಯಲ್ಲಿ ಮಗುವಿನ ಹೆಸರು ಇರಬಾರದು, ಶಾಲೆಗೆ ಒಂದು ಅಕ್ಷರ ಮಾತ್ರ ಇರಬೇಕು, ಆ ಅಕ್ಷರ ಯಾವ ಶಾಲೆಯದು ಎಂಬುದು ನಮ್ಮೊಳಗೇ ಉಳಿಯಬೇಕು.

ಲೀಕ್ ಆಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಸೋಮವಾರ ಇಲ್ಲಿ ಕೊಟ್ಟ ಪ್ರಶ್ನೆ ಬುಧವಾರದೊಳಗೆ ವಾಟ್ಸ್ಆ್ಯಪ್‌ನಲ್ಲಿ ಅಲ್ಲಿರುತ್ತದೆ. ಇರಲಿ. ಅಂಕ ಎಲ್ಲೂ ಹೋಗದ ಪರೀಕ್ಷೆಗೆ ಕದಿಯುವ ಆಸೆ ಯಾರಿಗೆ? ನಿಜವಾಗಿ ಲೀಕ್ ಆಗಿರುವುದು ಬೇರೆ ಇದೆ. √2 ಅಭಾಗಲಬ್ಧ ಎಂದು ಸಾಧಿಸಿ ಎಂಬ ಪ್ರಶ್ನೆ ದಶಕಗಳಿಂದ ಲೀಕ್ ಆಗಿದೆ. ಮಕ್ಕಳು ಅದನ್ನು ಪದ್ಯದ ಹಾಗೆ ಕಂಠಪಾಠ ಮಾಡಿ ಬರೆಯುತ್ತಾರೆ, ನಾವು ಪೂರ್ತಿ ಅಂಕ ಕೊಟ್ಟು ‘ಈ ಅಧ್ಯಾಯ ಬಂತು’ ಎಂದು ಟಿಕ್ ಹಾಕುತ್ತೇವೆ. ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇಡಿ: ಇದೇ ರೀತಿ √4 ಅಭಾಗಲಬ್ಧ ಎಂದು ಸಾಧಿಸಲು ಹೊರಟರೆ ಯಾವ ಹೆಜ್ಜೆಯಲ್ಲಿ ನಿಲ್ಲಬೇಕಾಗುತ್ತದೆ? ಕಂಠಪಾಠದ ಮಗು ಎಲ್ಲೂ ನಿಲ್ಲದೆ √4 ಕೂಡ ಅಭಾಗಲಬ್ಧ ಎಂದು ‘ಸಾಧಿಸಿ’ ಬರುತ್ತದೆ. ಅರ್ಥವಾದ ಮಗು a² ಎಂಬುದು 4ರಿಂದ ಭಾಗವಾದರೆ a ಕೂಡ 4ರಿಂದ ಭಾಗವಾಗಲೇಬೇಕೆಂದಿಲ್ಲ ಎಂದು ಹಿಡಿಯುತ್ತದೆ. 36 ಭಾಗವಾಗುತ್ತದೆ, 6 ಆಗುವುದಿಲ್ಲ. 2 ಅವಿಭಾಜ್ಯವಾದ್ದರಿಂದಲೇ ಮೂಲ ಸಾಧನೆ ನಡೆಯಿತು ಎಂಬುದು ಅಲ್ಲಿ ಬಯಲಾಗುತ್ತದೆ. ಎಷ್ಟು ಮಕ್ಕಳು ಮೊದಲನೆಯದನ್ನು ಬರೆದು ಎರಡನೆಯದರಲ್ಲಿ ಬಿದ್ದರು ಎಂಬ ಒಂದು ಸಂಖ್ಯೆ ಸಾಕು, ನಮ್ಮ ಕಂಠಪಾಠದ ಆಳ ತಿಳಿಯಲು. ಮುಚ್ಚಿಟ್ಟ ಪ್ರಶ್ನೆಪತ್ರಿಕೆ ಇದನ್ನು ಎಂದೂ ಹೇಳುವುದಿಲ್ಲ.

ಮೇಲಿಂದ ಬರುವ ಪತ್ರಿಕೆ ಸಾಲದೇ ಎಂದರೆ, ಸಾಲದು. ಅದು ತಿಂಗಳುಗಟ್ಟಲೆ ಪಾಠ ಆದ ಮೇಲೆ ಬರುತ್ತದೆ, ನಾಲ್ಕಾರು ಅಧ್ಯಾಯ ಒಟ್ಟಿಗೆ ಕೇಳುತ್ತದೆ, ಅಂಕ ಮಾತ್ರ ತೆಗೆದುಕೊಂಡು ಹೋಗುತ್ತದೆ. ಗಡಿ ದಾಟಿ ಬಳ್ಳಾರಿಯಿಂದಲೋ ಪಾವಗಡದಿಂದಲೋ ತರುವ ಎಸ್ಸೆಸ್ಸೆಲ್ಸಿ ಪ್ರಶ್ನೆಕೋಶದ ಕನ್ನಡ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಅಲ್ಲಿಯದು 80 ಅಂಕದ ಪತ್ರಿಕೆ, ಪ್ರಶ್ನೆಗಳು ಒಂದರಿಂದ ಐದು ಅಂಕದವು. ಹೆಚ್ಚು ಅಂಕ ಮೂರಂಕದ ಪ್ರಶ್ನೆಗಳಲ್ಲಿದೆ. ನಮ್ಮಲ್ಲಿ ಮೂರಂಕದ ಪ್ರಶ್ನೆಯೇ ಇಲ್ಲ, ಎಂಟಂಕದ್ದು ಅಲ್ಲಿಲ್ಲ. ಅಲ್ಲಿಯ ಮೂರಂಕವನ್ನು ಇಲ್ಲಿ ನಾಲ್ಕಂಕವೆಂದು ಹೆಸರು ಬದಲಿಸಿ ಕೊಟ್ಟರೆ ಒಂದು ಅಂಕ ಯಾವ ಹೆಜ್ಜೆಗೆ ಎಂದು ಕೊಟ್ಟವರಿಗೇ ತಿಳಿಯದು.

ಹಾಗಿದ್ದರೆ ನಮ್ಮ ಸ್ವಾತಂತ್ರ್ಯ? ನಾನು ಇಡೀ ಪತ್ರಿಕೆ ಕೇಳುತ್ತಿಲ್ಲ. ಸ್ಲಿಪ್ ಟೆಸ್ಟ್ 20 ಅಂಕದ್ದು. ಅದರಲ್ಲಿ 12 ಅಂಕ ನಿಮ್ಮದೇ ಇರಲಿ, ನಿಮ್ಮ ಮಕ್ಕಳಿಗೆ ತಕ್ಕಂತೆ ತೆಗೆಯಿರಿ. 8 ಅಂಕ ಭಂಡಾರದ್ದು: ಎರಡಂಕದವು ಎರಡು, ನಾಲ್ಕಂಕದ್ದು ಒಂದು. ಎಲ್ಲ ಶಾಲೆಗೂ ಅವೇ ಮೂರು, ಅದೇ ವಾರ. ಈ ಮೂರು ಪ್ರಶ್ನೆಗಳು ಎಲ್ಲ ಕಡೆ ಒಂದೇ ಆಗಿರುವುದರಿಂದ ನಿಮ್ಮ 12 ಅಂಕದ ಭಾಗ ಕಷ್ಟವಾಗಿತ್ತೋ ಸುಲಭವಾಗಿತ್ತೋ ಎಂಬುದೂ ನಿಮಗೇ ಗೊತ್ತಾಗುತ್ತದೆ. ಭಂಡಾರದ ಪ್ರಶ್ನೆಯಲ್ಲಿ ಎಲ್ಲರ ಹಾಗೇ ಬರೆದ ನಿಮ್ಮ ಮಕ್ಕಳು ನಿಮ್ಮ ಪ್ರಶ್ನೆಯಲ್ಲಿ ನೆಲ ಕಚ್ಚಿದರೆ ನೀವು ತೆಗೆದ ಪೇಪರು ಬಿಗಿಯಾಗಿತ್ತು ಎಂದೇ ಅರ್ಥ. ಇಷ್ಟು ದಿನ ಅದನ್ನು ತಿಳಿಯುವ ದಾರಿಯೇ ನಮಗಿರಲಿಲ್ಲ. ಸ್ವಾತಂತ್ರ್ಯ ಎಂದು ಕರೆದದ್ದರಲ್ಲಿ ಅರ್ಧ ಕತ್ತಲೆ.

ಇಡುವುದು ಎಲ್ಲಿ, ಹೇಗೆ ಎಂಬುದರಲ್ಲಿ ದೊಡ್ಡ ತಂತ್ರಜ್ಞಾನ ಬೇಡ. ಒಂದು ಎಕ್ಸೆಲ್ ಹಾಳೆ ಸಾಕು. ಪ್ರಶ್ನೆಗೊಂದು ಸಂಖ್ಯೆ, ಉದಾಹರಣೆಗೆ `10-QE-07`. ಪ್ರಶ್ನೆ, ಅಂಕದ ಹಂಚಿಕೆ, ತಪ್ಪುಗಳು, ಯಾವ ತಿಂಗಳು ಕೊಟ್ಟೆವು, ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ಸರಿ. ಒಂದೇ ಎಚ್ಚರಿಕೆ ಎಂದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿ ಕಳಿಸಬೇಡಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ಸಾಲಾಗುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಯೂನಿಕೋಡಿನಲ್ಲಿ ಬರೆಯಿರಿ. ಬಾರದಿದ್ದರೆ ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಿ, ಟೈಪು ಮಾಡುವ ಕೆಲಸ ನನ್ನದು.

ಎಂಟು ವರ್ಷ ತುಂಬಿದರೆ ವರ್ಗಾವಣೆ ಎಂಬುದು ನಮಗೆಲ್ಲ ಗೊತ್ತಿರುವ ಲೆಕ್ಕ. ರೊಳ್ಳದಲ್ಲಿ ಮಕ್ಕಳು ಯಾವ ಪಾಠದಲ್ಲಿ ಎಲ್ಲಿ ಎಡವುತ್ತಾರೆಂದು ಎಂಟು ವರ್ಷ ಕಂಡು ತಿಳಿದ ಮೇಷ್ಟ್ರು ಹೊರಟಾಗ ಅವರ ಜೊತೆ ಅದೆಲ್ಲವೂ ಹೋಗುತ್ತದೆ. ಹೊಸದಾಗಿ ಬಂದವರಿಗೆ ಸಿಗುವುದು ಚಾಕ್‌ಪೀಸು, ಡಸ್ಟರು, ಹಳೆಯ ರಿಜಿಸ್ಟರು. ‘ನನ್ನ ಮಕ್ಕಳು ನನಗೆ ಗೊತ್ತು’ ಎನ್ನುವವರು ಆ ಗೊತ್ತಿರುವುದನ್ನು ಎಲ್ಲಿ ಬರೆದಿಟ್ಟು ಹೋಗುತ್ತಾರೆಂದು ನಾನು ಕೇಳಬಯಸುತ್ತೇನೆ.

ವರ್ಗ ಸಮೀಕರಣದ ಅಧ್ಯಾಯದಿಂದಲೇ ಶುರುಮಾಡೋಣ. ಕೈತೋಟದ ಪ್ರಶ್ನೆಯನ್ನೂ, ನಾವೆಲ್ಲ ಸೇರಿ ಆರಿಸಿದ ಎರಡಂಕದ ಎರಡು ಪ್ರಶ್ನೆಗಳನ್ನೂ ಸೇರಿಸಿ ಸ್ಲಿಪ್ ಟೆಸ್ಟ್ ಕೊಡಿ. ಉತ್ತರಪತ್ರಿಕೆ ತಿದ್ದುವ ಮೊದಲೇ ಪ್ರತಿ ಶಾಲೆಯಿಂದ ಐದರ ಜೆರಾಕ್ಸ್ ತೆಗೆಯಿರಿ, ಹೆಸರಿನ ಭಾಗದ ಮೇಲೆ ಕಾಗದ ಇಟ್ಟು. ಚೆನ್ನಾಗಿ ಬರೆದವರದ್ದೇ ಆರಿಸಬೇಡಿ, ಹಾಜರಿ ಪಟ್ಟಿಯಲ್ಲಿ 3, 6, 9, 12, 15ನೆಯವರದು ಸಾಕು. ಅವರು ಬಂದಿಲ್ಲದಿದ್ದರೆ ಮುಂದಿನವರದು, ಪಟ್ಟಿ ಅಷ್ಟರಲ್ಲೇ ಮುಗಿದಿದ್ದರೆ ಮೊದಲನೆಯವರದು. ಒಂದು ಶಾಲೆಯ ಐದು ಹಾಳೆ ಇನ್ನೊಂದು ಶಾಲೆಯ ಮೇಷ್ಟ್ರಿಗೆ ಹೋಗಲಿ, ಅವರು ತಿದ್ದಿ ಅಂಕವನ್ನು ಬೇರೆ ಚೀಟಿಯಲ್ಲಿ ಬರೆಯಲಿ, ಹಾಳೆಯ ಮೇಲೆ ಕೆಂಪು ಪೆನ್ನು ತಾಕಿಸದೆ. ಆಮೇಲೆ ಅದೇ ಹಾಳೆಗಳನ್ನು ನೀವು ತಿದ್ದಿ. ಎರಡು ಚೀಟಿಯಲ್ಲಿ ಒಂದಂಕಕ್ಕಿಂತ ಹೆಚ್ಚು ಅಂತರ ಬಂದ ಉತ್ತರಗಳನ್ನಷ್ಟೇ ಮುಂದಿನ ಸಭೆಗೆ ತನ್ನಿ.